ಅರ್ಜಿಯಲ್ಲಿ ‘ಡೊಮಿಸೈಲ್’ ಕೇಳಿದರೆ ಯಾವ ರಾಜ್ಯ ಬರೆಯಬೇಕು?

ಪ್ರಶ್ನೆ: ನಮ್ಮೂರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿದೆ. ಅಪ್ಪನ ಕೆಲಸದಿಂದಾಗಿ ಆರು ವರ್ಷ ಪುಣೆಯಲ್ಲಿದ್ದೆವು. ಎರಡು ವರ್ಷದ ಹಿಂದೆ ಊರಿಗೆ ವಾಪಸ್ ಬಂದಿದ್ದೇವೆ. ನಾನು 8ರಿಂದ 12ನೇ ತರಗತಿವರೆಗೆ ಓದಿದ್ದು ಪುಣೆಯಲ್ಲಿ. ಆಧಾರ್‌ನಲ್ಲಿ ಇನ್ನೂ ಅಲ್ಲಿನ ವಿಳಾಸವೇ ಇದೆ. ಈಗ ಎಸ್‌ಎಸ್‌ಸಿ ಜಿಡಿ ಕಾನ್‌ಸ್ಟೆಬಲ್ ಅರ್ಜಿಯಲ್ಲಿ ಡೊಮಿಸೈಲ್ ರಾಜ್ಯ ಯಾವುದು ಅಂತ ಕೇಳಿದ್ದಾರೆ. ಏನು ಹಾಕಲಿ? ತಂಗಿ 5ರಿಂದ 10ರವರೆಗೆ ಪುಣೆಯಲ್ಲಿ ಓದಿ, ಪಿಯುಸಿ ಎರಡೂ ವರ್ಷ ಇಂಡಿಯಲ್ಲಿ ಮುಗಿಸಿದ್ದಾಳೆ. ಅವಳ ಸಿಇಟಿಗೂ ಡೊಮಿಸೈಲ್ ಸರ್ಟಿಫಿಕೇಟ್ ಮಾಡಿಸಬೇಕಾ?

ಉತ್ತರ: ನೀವು ಕರ್ನಾಟಕ ಅಂತಲೇ ಹಾಕಿ. ಆದರೆ ಹಾಕುವ ಮೊದಲು ತಹಶೀಲ್ದಾರರಿಂದ ಪತ್ರ ಸಿಗುವುದು ಖಾತ್ರಿ ಮಾಡಿಕೊಳ್ಳಿ. ತಂಗಿಯ ಸಿಇಟಿ ಸೀಟನ್ನು ಈ ಪತ್ರ ತೀರ್ಮಾನಿಸುವುದಿಲ್ಲ. ಅವಳಿಗೆ ಬೇಕಾದ ಕಾಗದ ಬೇರೆ. ಇಬ್ಬರದ್ದೂ ಒಂದೇ ಮನೆ, ಒಂದೇ ಊರು, ಆದರೂ ದಾರಿ ಎರಡು. ಯಾಕೆ ಹೀಗೆ ಅಂತ ಗೊತ್ತಾಗಬೇಕಾದರೆ ಅರ್ಜಿ ಮಾಡಿದವರು ಈ ಪದದಿಂದ ಏನು ಕೇಳುತ್ತಿದ್ದಾರೆ ಅನ್ನುವುದನ್ನು ಮೊದಲು ನೋಡಬೇಕು.

ಕಾನೂನಿನ ಪುಸ್ತಕದಲ್ಲಿ ಡೊಮಿಸೈಲ್ ಅಂದರೆ ಒಬ್ಬ ವ್ಯಕ್ತಿ ಕಾಯಂ ಆಗಿ ಇರುವ ಉದ್ದೇಶದಿಂದ ನೆಲೆ ನಿಂತ ಜಾಗ. ಸುಮ್ನೆ ಬಾಡಿಗೆ ಮನೆ ಮಾಡಿಕೊಂಡು ಕೆಲಸಕ್ಕಾಗಿ ಇದ್ದರೆ ಅದು ವಾಸ ಮಾತ್ರ. ಇನ್ನು ಇದೇ ನನ್ನ ಊರು ಅನ್ನುವ ಮನಸ್ಸೂ ಜೊತೆಗಿರಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಇದರ ಲೆಕ್ಕ ಬಿಡಿಸಿ ಬರೆದಿದ್ದಾರೆ. ಸಾಮಾನ್ಯವಾಗಿ ಹುಟ್ಟಿದ ಮಗುವಿಗೆ ತಂದೆಯ ನೆಲೆಯೇ ನೆಲೆ. ಮುಂದೆ ಬೇರೆ ಕಡೆ ಕಾಯಂ ಆಗಿ ನೆಲೆಸುವ ತನಕ ಅದೇ ಉಳಿಯುತ್ತದೆ. ಅಪ್ಪನ ಕೆಲಸಕ್ಕಾಗಿ ನೀವು ಪುಣೆಯಲ್ಲಿ ಆರು ವರ್ಷ ಇದ್ದಿರಿ, ಆಮೇಲೆ ವಾಪಸ್ ಬಂದಿರಿ. ಆ ಲೆಕ್ಕದಲ್ಲಿ ನಿಮ್ಮ ನೆಲೆ ಇಂಡಿ ಬಿಟ್ಟು ಹೋಗಲೇ ಇಲ್ಲ.

ಆದರೆ ಸರ್ಕಾರಿ ಅರ್ಜಿಯಲ್ಲಿ ಕೇಳುವುದು ಇಷ್ಟು ಸೂಕ್ಷ್ಮವಾದ ವಿಷಯ ಅಲ್ಲ. ಸುಪ್ರೀಂ ಕೋರ್ಟ್ 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಇದನ್ನು ನೇರವಾಗಿಯೇ ಹೇಳಿತು. ಭಾರತದ ಪ್ರಜೆಗೆ ಇರುವುದು ಒಂದೇ ಡೊಮಿಸೈಲ್, ಅದು ಭಾರತ. ಕರ್ನಾಟಕದ ಡೊಮಿಸೈಲ್, ಮಹಾರಾಷ್ಟ್ರದ ಡೊಮಿಸೈಲ್ ಅಂತ ಕಾನೂನಿನಲ್ಲಿ ಬೇರೆ ಬೇರೆ ಇಲ್ಲ. ರಾಜ್ಯಗಳು ತಮ್ಮ ನಿಯಮಗಳಲ್ಲಿ ಈ ಪದ ಬಳಸಿದಾಗ ಅದನ್ನು ‘ಕಾಯಂ ವಾಸ’ ಅಂತ ಓದಿಕೊಳ್ಳಬೇಕು. ಅಂದರೆ ಅರ್ಜಿಯ ಆ ಖಾಲಿ ಜಾಗ ಕೇಳುವುದು ಇಷ್ಟೇ: ಈ ಸೀಟು, ಈ ಹುದ್ದೆ, ಈ ಹಣ ಹಂಚುವಾಗ ನಿಮ್ಮನ್ನು ಯಾವ ರಾಜ್ಯದ ಪಾಲಿಗೆ ಎಣಿಸಬೇಕು?

ಗೊಂದಲ ಶುರುವಾಗುವುದೂ ಇಲ್ಲೇ. ಕಾಯಂ ವಾಸ ಅಂದರೆ ಎಷ್ಟು ವರ್ಷ, ಅದನ್ನು ಯಾವ ಕಾಗದದಿಂದ ತೋರಿಸಬೇಕು ಅನ್ನುವುದಕ್ಕೆ ದೇಶಕ್ಕೆಲ್ಲ ಒಂದೇ ಅಳತೆ ಇಲ್ಲ. ಮಹಾರಾಷ್ಟ್ರದಲ್ಲಿ ವಯಸ್ಸು, ರಾಷ್ಟ್ರೀಯತೆ ಮತ್ತು ಡೊಮಿಸೈಲ್ ಮೂರನ್ನೂ ಸೇರಿಸಿ ಒಂದೇ ಪತ್ರ ಕೊಡುತ್ತಾರೆ. ಹೊರಗಿನಿಂದ ಬಂದವರಿಗೆ ಅಲ್ಲಿ 15 ವರ್ಷದ ವಾಸ ಕೇಳುತ್ತಾರೆ. ಜಮ್ಮು ಕಾಶ್ಮೀರದಲ್ಲಿ 2020ರಲ್ಲಿ ಬಂದ ನಿಯಮದ ಪ್ರಕಾರ 15 ವರ್ಷ ಅಲ್ಲಿದ್ದಿರಬೇಕು. ಇಲ್ಲವೇ 7 ವರ್ಷ ಅಲ್ಲಿ ಓದಿ, 10 ಅಥವಾ 12ನೇ ತರಗತಿ ಪರೀಕ್ಷೆಯನ್ನು ಅಲ್ಲೇ ಬರೆದಿರಬೇಕು. ಅಸ್ಸಾಂನಲ್ಲಂತೂ ಇಂಥ ಪತ್ರ ಕೊಡುವ ಪದ್ಧತಿಯೇ ಇಲ್ಲ ಅಂತ ಎಸ್‌ಎಸ್‌ಸಿ ತನ್ನ ಪ್ರಕಟಣೆಯಲ್ಲೇ ಬರೆದು, ಅಲ್ಲಿನ ಅಭ್ಯರ್ಥಿಗಳಿಗೆ ವಿನಾಯಿತಿ ಕೊಟ್ಟಿದೆ. ಆದ್ದರಿಂದ ‘ಡೊಮಿಸೈಲ್‌ಗೆ ಎಷ್ಟು ವರ್ಷ ಬೇಕು ಸಾರ್’ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ‘ಯಾವ ಅರ್ಜಿಗೆ, ಯಾವ ರಾಜ್ಯದಲ್ಲಿ’ ಅಂತ.

ಈಗ ನಿಮ್ಮ ಅರ್ಜಿಗೆ ಬರೋಣ.

ಜಿಡಿ ಕಾನ್‌ಸ್ಟೆಬಲ್ ಅಂದರೆ ಬಿಎಸ್‌ಎಫ್, ಸಿಐಎಸ್‌ಎಫ್, ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳ ಹುದ್ದೆ. ಕೆಲಸ ಕೇಂದ್ರದ್ದೇ ಆದರೂ ಹುದ್ದೆಗಳನ್ನು ರಾಜ್ಯವಾರು ಹಂಚಿರುತ್ತಾರೆ. ಕರ್ನಾಟಕಕ್ಕೆ ಇಷ್ಟು, ಮಹಾರಾಷ್ಟ್ರಕ್ಕೆ ಇಷ್ಟು ಅಂತ. ಹಾಗಾಗಿ ಕಟ್ ಆಫ್ ಅಂಕ ಕೂಡ ರಾಜ್ಯದಿಂದ ರಾಜ್ಯಕ್ಕೆ ಬೇರೆ ಇರುತ್ತದೆ. ಆ ಖಾಲಿ ಜಾಗದಲ್ಲಿ ನೀವು ತುಂಬುವ ರಾಜ್ಯವೇ ನೀವು ಯಾರ ಜೊತೆ ಪೈಪೋಟಿ ಮಾಡುತ್ತೀರಿ ಅನ್ನುವುದನ್ನು ನಿರ್ಧರಿಸುತ್ತದೆ. ಅದಕ್ಕೇ ನಿಯಮ ಬಿಗಿ. ದಾಖಲೆ ಪರಿಶೀಲನೆ ದಿನ ನೀವು ತೋರಿಸುವ ಡೊಮಿಸೈಲ್ ಪತ್ರ, ಅಥವಾ ಅವರು ಪಿಆರ್‌ಸಿ ಅನ್ನುವ ಕಾಯಂ ನಿವಾಸಿ ಪತ್ರ, ಅರ್ಜಿಯಲ್ಲಿ ಬರೆದ ರಾಜ್ಯದ್ದೇ ಆಗಿರಬೇಕು. ಬೇರೆ ರಾಜ್ಯದ್ದಾದರೆ ಅಭ್ಯರ್ಥಿತನವೇ ರದ್ದು. ಲಿಖಿತ ಪರೀಕ್ಷೆ ಪಾಸಾಗಿ, ಓಟ ಮುಗಿಸಿ, ಕೊನೆಗೆ ಈ ಒಂದು ಹಾಳೆಯಿಂದ ಹೊರಗೆ ಬೀಳುವವರು ಇದ್ದಾರೆ. ‘ಅಲ್ಲಿ ಕಟ್ ಆಫ್ ಕಮ್ಮಿಯಂತೆ’ ಅಂತ ಗೆಳೆಯರ ಮಾತು ಕೇಳಿ ರಾಜ್ಯ ಹಾಕಬೇಡಿ.

ಮಹಾರಾಷ್ಟ್ರ ನಿಮಗೆ ಯಾಕೆ ಆಗುವುದಿಲ್ಲ? ನೀವು ಅಲ್ಲಿದ್ದದ್ದು ಆರು ವರ್ಷ. 15ರ ಹತ್ತಿರವೂ ಬರುವುದಿಲ್ಲ. ಹತ್ತು, ಹನ್ನೆರಡು ಎರಡೂ ಅಲ್ಲಿನ ಬೋರ್ಡಿನದು ಅನ್ನುವುದು ನಿಜ. ಆದರೆ ಅಂಕಪಟ್ಟಿ ಡೊಮಿಸೈಲ್ ಅಲ್ಲ. ಪುಣೆ ವಿಳಾಸದ ಆಧಾರ್ ಕೂಡ ಅಲ್ಲ. 2016ರ ಆಧಾರ್ ಕಾಯ್ದೆಯ 9ನೇ ಕಲಂ ಇದನ್ನು ನೇರವಾಗಿ ಹೇಳುತ್ತದೆ: ಆಧಾರ್ ಸಂಖ್ಯೆ ತಾನೇ ತಾನಾಗಿ ಪೌರತ್ವಕ್ಕೂ ಪುರಾವೆ ಅಲ್ಲ, ಡೊಮಿಸೈಲ್‌ಗೂ ಪುರಾವೆ ಅಲ್ಲ. ಸೈಬರ್ ಸೆಂಟರ್‌ಗಳಲ್ಲಿ ಆಧಾರ್ ವಿಳಾಸ ನೋಡಿ ರಾಜ್ಯ ಆರಿಸಿಬಿಡುವ ಅಭ್ಯಾಸ ಇದೆ. ಅರ್ಜಿ ಬೇರೆಯವರ ಕೈಯಲ್ಲಿ ತುಂಬಿಸುವುದಾದರೆ ಆ ಒಂದು ಜಾಗ ಬಂದಾಗ ಪಕ್ಕದಲ್ಲೇ ನಿಂತಿರಿ.

ಹಾಗಂತ ಆಧಾರ್‌ನಲ್ಲಿ ಪುಣೆ ವಿಳಾಸ ಇದ್ದರೆ ಪರವಾಗಿಲ್ಲ ಅಂತ ಬಿಡಬೇಡಿ. ಡೊಮಿಸೈಲ್‌ಗೆ ಅದು ಪುರಾವೆ ಅಲ್ಲದಿದ್ದರೂ ನಾಡಕಚೇರಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. ಕರ್ನಾಟಕದಲ್ಲಿ ಈ ಪತ್ರಕ್ಕೆ ಅರ್ಜಿ ಹಾಕುವುದು ಹೋಬಳಿಯ ನಾಡಕಚೇರಿಯಲ್ಲಿ, ಅಂದರೆ ಅಟಲ್ ಜನಸ್ನೇಹಿ ಕೇಂದ್ರದಲ್ಲಿ. nadakacheri.karnataka.gov.in ತಾಣದಲ್ಲಿ ಮನೆಯಿಂದಲೂ ಹಾಕಬಹುದು. ಅರ್ಜಿ ಅಲ್ಲಿಂದ ಗ್ರಾಮ ಆಡಳಿತ ಅಧಿಕಾರಿಗೆ ಹೋಗುತ್ತದೆ. ನಿಮ್ಮ ಕಡೆ ಇನ್ನೂ ತಲಾಟಿ ಅಂತಲೇ ಕರೆಯುತ್ತಾರೆ. ಅವರು ಊರಲ್ಲಿ ವಿಚಾರಿಸಿ ವರದಿ ಹಾಕುತ್ತಾರೆ. ಅದು ಕಂದಾಯ ನಿರೀಕ್ಷಕರ ಮೂಲಕ ಮೇಲೆ ಹೋಗಿ ಕೊನೆಗೆ ತಹಶೀಲ್ದಾರರ ಕಚೇರಿಯಿಂದ ಡಿಜಿಟಲ್ ಸಹಿಯ ಪತ್ರ ಬರುತ್ತದೆ. ಅದರ ಮೇಲೆ ‘ಆರ್‌ಡಿ’ ಅಂತ ಶುರುವಾಗುವ ಸಂಖ್ಯೆ ಇರುತ್ತದೆ. ಪತ್ರ ಅಸಲಿಯೋ ನಕಲಿಯೋ ಅಂತ ಯಾರು ಬೇಕಾದರೂ ಆ ಸಂಖ್ಯೆಯಿಂದ ಪರಿಶೀಲಿಸಬಹುದು.

ಇಡೀ ಸರಪಳಿಯಲ್ಲಿ ತಲಾಟಿಯ ವರದಿಯೇ ಮುಖ್ಯ. ಅವರು ನಿಮ್ಮ ಅರ್ಜಿ ತೆರೆದಾಗ ವಿಳಾಸ ಪುಣೆಯದು ಕಂಡರೆ, ಆರು ವರ್ಷ ಊರಲ್ಲೇ ಇರಲಿಲ್ಲ ಅಂತ ಯಾರಾದರೂ ಹೇಳಿದರೆ, ಅರ್ಜಿ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಆದ್ದರಿಂದ ಮೊದಲು ಆಧಾರ್ ವಿಳಾಸ ಇಂಡಿಗೆ ಬದಲಿಸಿ. ಆಮೇಲೆ ಪತ್ರಕ್ಕೆ ಹಾಕಿ. ಜೊತೆಗೆ ಆ ಆರು ವರ್ಷದಲ್ಲೂ ನಿಮ್ಮ ಕುಟುಂಬದ ಬೇರು ಊರಲ್ಲೇ ಇತ್ತು ಅಂತ ತೋರಿಸುವ ಕಾಗದ ಕೂಡಿಸಿ. ಅಪ್ಪನ ಹೆಸರಲ್ಲಿ ಹೊಲ ಇದ್ದರೆ ಪಹಣಿ ಉತಾರ. ಮನೆ ಇದ್ದರೆ ಪಂಚಾಯಿತಿಗೆ ಕಟ್ಟಿದ ಮನೆ ಕರದ ರಸೀದಿ, ಅದರಲ್ಲೂ ನೀವು ಪುಣೆಯಲ್ಲಿದ್ದ ವರ್ಷಗಳದ್ದು. ಕುಟುಂಬದ ರೇಷನ್ ಕಾರ್ಡ್. ಅಪ್ಪ ಅಮ್ಮನ ಮತದಾರರ ಚೀಟಿ. ಇವೆಲ್ಲಕ್ಕಿಂತ ಗಟ್ಟಿಯಾದದ್ದು ನೀವು 1ರಿಂದ 7ರವರೆಗೆ ಇಂಡಿಯಲ್ಲಿ ಓದಿದ ಶಾಲೆಯ ವ್ಯಾಸಂಗ ಪ್ರಮಾಣ ಪತ್ರ. ಹುಟ್ಟಿದ ಊರು, ಬಾಲ್ಯ ಕಳೆದ ಊರು, ಈಗ ಇರುವ ಊರು ಒಂದೇ ಅಂತ ಈ ಕಾಗದಗಳಿಂದ ಕಂಡರೆ ನಡುವಿನ ಆರು ವರ್ಷಕ್ಕೆ ‘ತಂದೆಯ ಉದ್ಯೋಗ ನಿಮಿತ್ತ’ ಅನ್ನುವ ಒಂದು ಸಾಲಿನ ವಿವರಣೆ ಸಾಕು. ಆ ಸಾಲನ್ನು ಮುಚ್ಚಿಡಬೇಡಿ, ನೀವಾಗಿಯೇ ಬರೆದುಕೊಡಿ. ಹತ್ತನೇ ತರಗತಿ ಅಂಕಪಟ್ಟಿ ಪುಣೆಯದು ಅಂತ ಅವರಿಗೆ ಹೇಗೂ ಗೊತ್ತಾಗುತ್ತದೆ.

ನಾಡಕಚೇರಿ ಪಟ್ಟಿಯಲ್ಲಿ ಒಂದಕ್ಕೊಂದು ಹೋಲುವ ಹೆಸರುಗಳಿವೆ, ಅಲ್ಲೂ ಹುಷಾರಾಗಿರಿ. ವಾಸಸ್ಥಳ ದೃಢೀಕರಣ ಪತ್ರ ಹೇಳುವುದು ಈ ವ್ಯಕ್ತಿ ಈ ವಿಳಾಸದಲ್ಲಿ ವಾಸ ಇದ್ದಾನೆ ಅಂತ. ಡೊಮಿಸೈಲ್ ಪತ್ರ ಹೇಳುವುದು ಈತ ಈ ರಾಜ್ಯದ ಕಾಯಂ ನಿವಾಸಿ ಅಂತ. ಬ್ಯಾಂಕಿಗೋ ಗ್ಯಾಸ್ ಕನೆಕ್ಷನ್‌ಗೋ ಮೊದಲನೆಯದು ನಡೆಯುತ್ತದೆ. ಎಸ್‌ಎಸ್‌ಸಿ ಕೇಳುತ್ತಿರುವುದು ಎರಡನೆಯದು. ಹಾಳೆಯ ಮೇಲೆ ನಿಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇರಲಿ. ಮರಾಠಿ ಶಾಲೆಗಳಲ್ಲಿ ವಿದ್ಯಾರ್ಥಿಯ ಹೆಸರಿನ ನಡುವೆ ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು ಸೇರಿಸುತ್ತಾರೆ. ನಮ್ಮ ಕಡೆ ಇನಿಷಿಯಲ್ ಹಾಕುತ್ತಾರೆ. ನಿಮ್ಮಂತೆ ಎರಡು ರಾಜ್ಯದಲ್ಲಿ ಓದಿದವರು ಜಾಸ್ತಿ ಸಿಕ್ಕಿಬೀಳುವುದೇ ಇಲ್ಲಿ. ಕೇಂದ್ರದ ಅರ್ಜಿ ಆದ್ದರಿಂದ ಇಂಗ್ಲಿಷಿನಲ್ಲೇ ಪತ್ರ ಬೇಕು ಅಂತ ಅರ್ಜಿ ಹಾಕುವಾಗಲೇ ಹೇಳಿ.

ಮುಂದೆ ಅಗ್ನಿವೀರ್‌ಗೂ ಹೋಗುವ ಯೋಚನೆ ಇದ್ದರೆ ಒಂದು ಮಾತು. ಸೇನಾ ಭರ್ತಿಯಲ್ಲಿ ಪ್ರತಿ ಭರ್ತಿ ಕಚೇರಿಗೂ ಇಂತಿಂಥ ಜಿಲ್ಲೆ ಅಂತ ಗೊತ್ತು ಮಾಡಿರುತ್ತಾರೆ. ನೀವು ಆ ಜಿಲ್ಲೆಯವರೇ ಅಂತ ತೋರಿಸುವುದೇ ಡೊಮಿಸೈಲ್ ಅಥವಾ ನೇಟಿವಿಟಿ ಪತ್ರದ ಕೆಲಸ. ಅಲ್ಲಿ ಅವರು ಅಭ್ಯರ್ಥಿಯ ಫೋಟೊ ಇರುವ ಪತ್ರವನ್ನೇ ಕೇಳುತ್ತಾರೆ. ನಿಮ್ಮ ಪತ್ರದಲ್ಲಿ ಫೋಟೊ ಬಂದಿರದಿದ್ದರೆ ಭರ್ತಿ ದಿನಕ್ಕೆ ಮೊದಲೇ ತಾಲೂಕು ಕಚೇರಿಗೆ ಹೋಗಿ ಫೋಟೊ, ಸಹಿ, ಮೊಹರು ಹಾಕಿಸಿಕೊಳ್ಳಿ.

ಇನ್ನು ತಂಗಿಯ ವಿಷಯ. ನಿಮ್ಮದಕ್ಕಿಂತ ಇದೇ ಸ್ವಲ್ಪ ಸಿಕ್ಕಲು.

ವೃತ್ತಿಪರ ಕೋರ್ಸಿನ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ನೋಡುವುದು ಎಲ್ಲಿ ಓದಿದಿರಿ ಅನ್ನುವುದನ್ನು. ತಹಶೀಲ್ದಾರರ ಡೊಮಿಸೈಲ್ ಪತ್ರ ಹತ್ತು ತಂದರೂ ಆ ಲೆಕ್ಕ ಬದಲಾಗುವುದಿಲ್ಲ. ಅವರ ಅರ್ಹತಾ ಪಟ್ಟಿಯ ಮೊದಲ ಷರತ್ತು ಹೀಗಿದೆ: 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಓದಿನಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರಬೇಕು. ನಿಮ್ಮ ತಂಗಿ 1ರಿಂದ 4ರವರೆಗೆ ಇಂಡಿಯಲ್ಲಿ ಓದಿದ್ದಾಳೆ ಅಂತ ಇಟ್ಟುಕೊಳ್ಳುತ್ತೇನೆ. ಅದು ನಾಲ್ಕು ವರ್ಷ. ಪಿಯುಸಿ ಎರಡು. ಒಟ್ಟು ಆರು. ಎರಡನೇ ಷರತ್ತು ಪಿಯುಸಿಯಿಂದ ಪೂರೈಸಿದೆ, ಮೊದಲನೆಯದಕ್ಕೆ ಒಂದೇ ಒಂದು ವರ್ಷ ಕಮ್ಮಿ. ಎಷ್ಟೋ ಮನೆಗಳಲ್ಲಿ ಇಲ್ಲಿಗೇ ನಿಂತು ‘ನಮಗೆ ಕರ್ನಾಟಕ ಕೋಟಾ ಇಲ್ಲ’ ಅಂತ ಸುಮ್ಮನಾಗುತ್ತಾರೆ.

ಪಟ್ಟಿಯ ಮುಂದಿನ ಷರತ್ತು ಓದಿ. ಅಭ್ಯರ್ಥಿ ಪ್ರಥಮ ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಅವರೂ ಅರ್ಹರು. ನಿಮ್ಮ ಅಪ್ಪ ಇಂಡಿಯಲ್ಲೇ ಬೆಳೆದವರಾದರೆ ಏಳು ವರ್ಷ ಶಾಲೆಗೆ ಹೋಗಿಯೇ ಇರುತ್ತಾರೆ. ಅವರು ಏಳನೆಯದಕ್ಕೂ ಮೊದಲೇ ಶಾಲೆ ಬಿಟ್ಟಿದ್ದರೆ ಅಮ್ಮನದ್ದು ನೋಡಿ. ಇಬ್ಬರಲ್ಲಿ ಒಬ್ಬರದ್ದು ಸಾಕು. ಅಮ್ಮನ ತವರು ಸೊಲ್ಲಾಪುರವೋ ಅಕ್ಕಲಕೋಟೆಯೋ ಆಗಿ ಅಲ್ಲೇ ಓದಿದ್ದರೆ ಮಾತ್ರ ಆ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ತಂಗಿಗೆ ಬೇಕಾದ ಕಾಗದ ಯಾವುದು? ಅವಳ ಎರಡು ವರ್ಷದ ಪಿಯುಸಿ ವ್ಯಾಸಂಗ ಪ್ರಮಾಣ ಪತ್ರ, ಅಪ್ಪ ಅಥವಾ ಅಮ್ಮನ ಏಳು ವರ್ಷದ ವ್ಯಾಸಂಗ ಪ್ರಮಾಣ ಪತ್ರ, ಅವಳು ಇವರ ಮಗಳು ಅಂತ ತೋರಿಸುವ ದಾಖಲೆ. ಶಾಲೆಯ ವ್ಯಾಸಂಗ ಪತ್ರಕ್ಕೆ ಬಿಇಒ ಅವರ ಮೇಲುಸಹಿ ಬೇಕಾಗುತ್ತದೆ. ಶಾಲೆಯವರು ದಾಖಲಾತಿ ರಿಜಿಸ್ಟರ್ ನೋಡಿ ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ತರಗತಿಯಿಂದ ಯಾವ ತರಗತಿವರೆಗೆ ಅಂತ ಬರೆದುಕೊಡಬೇಕು. ಮೂವತ್ತು ವರ್ಷ ಹಿಂದಿನ ರಿಜಿಸ್ಟರ್ ಹುಡುಕಿಸಲು ಸಮಯ ಹಿಡಿಯುತ್ತದೆ. ಕೆಇಎ ವೇಳಾಪಟ್ಟಿ ಬಂದ ಮೇಲೆ ಓಡಾಡುವ ಬದಲು ಈಗಲೇ ಅಪ್ಪನ ಶಾಲೆಗೆ ಹೋಗಿ ಬನ್ನಿ. ಅರ್ಜಿ ತುಂಬುವಾಗ ಯಾವ ಷರತ್ತಿನಡಿ ಅರ್ಹತೆ ಅಂತ ಆರಿಸಬೇಕಾಗುತ್ತದೆ. ರೂಢಿಯಿಂದ ಮೊದಲನೆಯದನ್ನೇ ಒತ್ತಿಬಿಟ್ಟರೆ ಪರಿಶೀಲನೆಯಲ್ಲಿ ಆರೇ ವರ್ಷ ಸಿಗುತ್ತದೆ, ಅರ್ಹತೆ ಹೋಗುತ್ತದೆ. ಷರತ್ತುಗಳ ಮಾತುಗಳು ವರ್ಷದಿಂದ ವರ್ಷಕ್ಕೆ ಅಲ್ಲಲ್ಲಿ ತಿದ್ದುಪಡಿ ಆಗುವುದುಂಟು. ಈ ವರ್ಷದ ಮಾಹಿತಿ ಪುಸ್ತಿಕೆಯನ್ನೇ ಮುಂದಿಟ್ಟುಕೊಂಡು ತುಂಬಿ.

ರಾಜ್ಯಗಳು ಹೀಗೆ ತಮ್ಮವರಿಗೆ ಸೀಟು ಮೀಸಲಿಡಬಹುದಾ ಅಂತ ನಿಮಗೆ ಅನ್ನಿಸಿರಬಹುದು. ಇದು ಹಳೇ ಜಗಳ. 1955ರಲ್ಲೇ ಇಂದೋರಿನ ಮೆಡಿಕಲ್ ಕಾಲೇಜಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆಗಿನ ಮಧ್ಯ ಭಾರತ ರಾಜ್ಯದವರಿಗೆ ಕ್ಯಾಪಿಟೇಶನ್ ಶುಲ್ಕ ಮಾಫಿ, ಹೊರಗಿನವರು ಕಟ್ಟಬೇಕು. ಡೆಲ್ಲಿಯ ವಿದ್ಯಾರ್ಥಿ ಪ್ರಶ್ನಿಸಿದ. ಸಂವಿಧಾನ ಬೇಡ ಅನ್ನುವುದು ಹುಟ್ಟಿದ ಜಾಗದ ಮೇಲಿನ ತಾರತಮ್ಯವನ್ನು, ವಾಸದ ಮೇಲಿನ ವ್ಯತ್ಯಾಸ ಬೇರೆ ವಿಷಯ ಅಂತ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು. ಎಂಬಿಬಿಎಸ್ ಮಟ್ಟದಲ್ಲಿ ಅದೇ ದಾರಿ ಇವತ್ತಿಗೂ ನಡೆದಿದೆ. ಆದರೆ 2025ರ ಜನವರಿಯಲ್ಲಿ ತನ್ವಿ ಬೆಹ್ಲ್ ಪ್ರಕರಣದಲ್ಲಿ ಅದೇ ಕೋರ್ಟ್ ಸ್ನಾತಕೋತ್ತರ ವೈದ್ಯಕೀಯ ಸೀಟುಗಳಿಗೆ ವಾಸದ ಆಧಾರದ ಮೀಸಲಾತಿ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ತಂಗಿ ಮುಂದೆ ಡಾಕ್ಟರಾಗಿ ಎಂಡಿ ಮಾಡುವ ಹೊತ್ತಿಗೆ ಈ ಪ್ರಶ್ನೆ ಹೀಗೇ ಇರುವುದಿಲ್ಲ.

ಸರ್ಕಾರಿ ನೌಕರಿಯಲ್ಲಿ ಪರಿಸ್ಥಿತಿ ಬೇರೆ. ಸಂವಿಧಾನದ 16ನೇ ವಿಧಿ ವಾಸದ ಆಧಾರದ ಮೇಲೂ ತಾರತಮ್ಯ ಬೇಡ ಅನ್ನುತ್ತದೆ. ವಾಸದ ಷರತ್ತು ಹಾಕುವ ಕಾನೂನನ್ನು ಸಂಸತ್ತು ಮಾತ್ರ ಮಾಡಬಹುದು. ಅದಕ್ಕೇ ಕರ್ನಾಟಕ ಸರ್ಕಾರದ ಹುದ್ದೆಗಳ ಪ್ರಕಟಣೆಯಲ್ಲಿ ಕನ್ನಡ ಪರೀಕ್ಷೆ, ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಕಾಣುತ್ತವೆ. ಇವಕ್ಕೆ ಡೊಮಿಸೈಲ್ ಪತ್ರ ಹಿಡಿದು ಹೋದರೆ ಉಪಯೋಗ ಇಲ್ಲ. ಒಂದೊಂದಕ್ಕೂ ಅದರದ್ದೇ ಪತ್ರ ಇದೆ.

ಇದಕ್ಕೆ ದೊಡ್ಡ ಅಪವಾದ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಮೀಸಲಾತಿ ಕೊಡುವ 371(ಜೆ). ನಿಮ್ಮ ತಾಲೂಕಿನವರು ಇದರಲ್ಲಿ ಎಡವುವುದರಿಂದ ಹೇಳುತ್ತಿದ್ದೇನೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಅದರಿಂದ ಬೇರೆಯಾದ ವಿಜಯನಗರ ಜಿಲ್ಲೆಗಳಿಗೆ ಮಾತ್ರ. ಇಂಡಿಯ ಪಕ್ಕದ ಅಫಜಲಪುರ ಕಲಬುರಗಿ ಜಿಲ್ಲೆಯಲ್ಲಿದೆ, ಹಾಗಾಗಿ ಅಲ್ಲಿನವರಿಗೆ ಇದೆ. ಇಂಡಿಯವರಿಗೆ ಇಲ್ಲ, ಯಾಕೆಂದರೆ ವಿಜಯಪುರ ಹಿಂದೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಹೈದರಾಬಾದ್ ಸಂಸ್ಥಾನದಲ್ಲಿ ಇರಲಿಲ್ಲ. ಆ ಅರ್ಹತಾ ಪತ್ರವನ್ನು ಕೊಡುವವರು ಉಪವಿಭಾಗಾಧಿಕಾರಿ, ಅಂದರೆ ಎಸಿ. ಅದಕ್ಕೆ ಹುಟ್ಟು, 2013ರ ಜನವರಿ 1ಕ್ಕೆ ಮೊದಲಿನ ಹತ್ತು ವರ್ಷದ ವಾಸ ಅಂತ ಬೇರೆಯದೇ ಅಳತೆ ಇದೆ. ಅರ್ಜಿಯಲ್ಲಿ ‘ಸ್ಥಳೀಯ ವ್ಯಕ್ತಿಯೇ’ ಅಂತ ಕೇಳಿದ ಕಡೆ ಡೊಮಿಸೈಲ್ ಇದೆಯಲ್ಲ ಅಂತ ‘ಹೌದು’ ಒತ್ತಬೇಡಿ.

ಇಷ್ಟರ ಮೇಲೆ ನಿಮ್ಮ ಮನೆಗೆ ಈ ಪತ್ರ ಮತ್ತೆ ಬೇಕಾಗುವುದು ರಾಷ್ಟ್ರೀಯ ವಿದ್ಯಾರ್ಥಿವೇತನದ ತಾಣದಲ್ಲಿ ಇರಬಹುದು. ಅಲ್ಲೂ ಡೊಮಿಸೈಲ್ ರಾಜ್ಯ ಕೇಳುತ್ತಾರೆ. ತಂಗಿ ಮುಂದೆ ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಸೀಟು ಸಿಕ್ಕಿ ಓದಿದರೂ ಆ ಜಾಗದಲ್ಲಿ ಕರ್ನಾಟಕವನ್ನೇ ಹಾಕಬೇಕು. ಕಾಲೇಜು ಇರುವ ರಾಜ್ಯ ಬೇರೆ ಕಾಲಂನಲ್ಲಿ ಬರುತ್ತದೆ.

ಕೊನೆಗೆ ನಿಮ್ಮ ಪತ್ರದ ವೇಳೆ. ಅರ್ಜಿ ಹಾಕಿದಾಗ ಸಿಗುವ ಸ್ವೀಕೃತಿಯಲ್ಲಿ ಸಕಾಲ ಸಂಖ್ಯೆ ಮತ್ತು ಪತ್ರ ಕೊಡಬೇಕಾದ ಕೊನೆಯ ದಿನ ಎರಡೂ ಇರುತ್ತವೆ. ಅದನ್ನು ಬಿಸಾಡಬೇಡಿ. ದಿನ ಮೀರಿದರೆ, ಅಥವಾ ಕಾರಣ ಸರಿಯಿಲ್ಲದೆ ತಿರಸ್ಕರಿಸಿದರೆ, ಆ ಸಂಖ್ಯೆಯ ಮೇಲೆ ಮೇಲ್ಮನವಿ ಹಾಕಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಕೇಳಲೂ ಅವಕಾಶ ಇದೆ. ತಿರಸ್ಕಾರ ಆದರೆ ಮತ್ತೆ ಹೊಸ ಅರ್ಜಿ ಹಾಕುವ ಮೊದಲು ತಲಾಟಿ ವರದಿಯಲ್ಲಿ ಏನು ಬರೆದಿದ್ದಾರೆ ಅಂತ ನಾಡಕಚೇರಿಯಲ್ಲಿ ಕೇಳಿ. ಬಹಳ ಸಲ ಅದು ‘ಅರ್ಜಿದಾರರು ಗ್ರಾಮದಲ್ಲಿ ವಾಸವಿರುವುದಿಲ್ಲ’ ಅನ್ನುವ ಒಂದೇ ಸಾಲು ಆಗಿರುತ್ತದೆ. ನಿಮಗೂ ಹಾಗೇ ಬಂದಿದ್ದರೆ ಮನೆ ಕರದ ರಸೀದಿ, ಬದಲಾದ ಆಧಾರ್, ಶಾಲೆಯ ಪತ್ರ ಹಿಡಿದು ನೇರವಾಗಿ ತಲಾಟಿಯನ್ನೇ ಭೇಟಿಯಾಗಿ.